"15 ದಿನದಲ್ಲಿ ಮನೆ ಖಾಲಿ ಮಾಡಿ" ಅಂತ ನೋಟಿಸ್ ಬಂದರೆ 16ನೇ ದಿನ ಏನಾಗುತ್ತದೆ?

ಕಪ್ಪುಕೋಟು_ಬಸವನಗುಡಿ

ಕಳೆದ ಮೂರು ವಾರದಲ್ಲಿ ನಾಲ್ಕು ಜನ ಒಂದೇ ಥರದ ಕಾಗದ ಹಿಡಿದುಕೊಂಡು ಆಫೀಸಿಗೆ ಬಂದರು. ಇಬ್ಬರು ಬಾಡಿಗೆದಾರರು, ಇಬ್ಬರು ಓನರ್‌ಗಳು. ನಾಲ್ಕೂ ಹನ್ನೊಂದು ತಿಂಗಳ ಅಗ್ರಿಮೆಂಟ್, ನಾಲ್ಕೂ ಅವಧಿ ಮುಗಿದು ಹೋದವು, ಒಂದೂ ನವೀಕರಣ ಆಗಿರಲಿಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ಸರಿಯಾಗಿ ಹೋಗುತ್ತಿತ್ತು. ನಾಲ್ವರ ಪ್ರಶ್ನೆಯೂ ಒಂದೇ: "ಈಗ ನೋಟಿಸ್ ಎಷ್ಟು ದಿನದ್ದು?"

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರೆದಿರುವುದು ಸಾಮಾನ್ಯ ಮಾಹಿತಿ. ಯಾರ ಮನೆಗೂ, ಯಾರ ಕೇಸಿಗೂ ಕೊಟ್ಟ ಸಲಹೆ ಅಲ್ಲ. ಕರಾರಿನ ಒಂದು ಸಾಲು ಬೇರೆ ಇದ್ದರೆ ಉತ್ತರವೇ ಬೇರೆಯಾಗುತ್ತದೆ, ಮತ್ತು ನಿಮ್ಮ ಕರಾರಿನ ಆ ಸಾಲನ್ನು ನಾನು ಓದಿಲ್ಲ. ನೋಟಿಸ್ ಕೈಗೆ ಬಂದಿದ್ದರೆ ಕಾಗದವನ್ನೆಲ್ಲ ತೆಗೆದುಕೊಂಡು ನಿಮ್ಮ ಊರಿನ ವಕೀಲರೊಬ್ಬರಿಗೆ ತೋರಿಸಿ.

ಈಗ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಬಾಡಿಗೆ ಕಾಯ್ದೆ ಅಂತ ಒಂದಿದೆ, 1999ರದ್ದು. ಬಹಳ ಜನ ಎಲ್ಲ ಬಾಡಿಗೆ ಮನೆಗಳಿಗೂ ಅದೇ ಅನ್ವಯ ಅಂದುಕೊಂಡಿದ್ದಾರೆ. ಆದರೆ ಅದರಲ್ಲೇ ಒಂದು ಮಿತಿ ಇದೆ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಬಾಡಿಗೆಗೆ ಆ ಕಾಯ್ದೆ ಇಲ್ಲ. ಇವತ್ತು ಆ ದುಡ್ಡಿಗೆ ಬೆಂಗಳೂರಲ್ಲಿ ಒಂದು ರೂಮೂ ಸಿಗಲ್ಲ. ಹಾಗಾಗಿ ಈಗಿನ ಬಹುಪಾಲು ಮನೆಗಳು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ. ಅದರಲ್ಲಿ ನಮಗೆ ಮುಖ್ಯವಾದದ್ದು 106ನೇ ಕಲಂ.

ಆ ಕಲಂ ಹೇಳುವುದು ಇಷ್ಟು. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ವಾಸದ ಮನೆಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ಅಂತ ಲೆಕ್ಕ ಹಿಡಿಯಬೇಕು. ಅದನ್ನು ಮುಗಿಸಲು 15 ದಿನದ ನೋಟಿಸ್ ಸಾಕು. ಎರಡು ಕಡೆಯವರಿಗೂ ಅಷ್ಟೇ. ಓನರ್ ಬಿಡಿಸಿದರೂ 15, ಬಾಡಿಗೆದಾರ ಬಿಟ್ಟರೂ 15. ಕರಾರಿನಲ್ಲಿ "ಎರಡು ತಿಂಗಳ ಮುಂಚೆ ತಿಳಿಸಬೇಕು" ಅಂತ ಬರೆದಿದ್ದು ಆ ಕರಾರು ಚಾಲ್ತಿಯಲ್ಲಿದ್ದರೆ ಆ ಎರಡು ತಿಂಗಳೇ ಲೆಕ್ಕಕ್ಕೆ ಬರುತ್ತದೆ.

ಈ 15 ದಿನ ಯಾವತ್ತಿನಿಂದ ಶುರು ಅನ್ನೋದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಒಂದು ಉದಾಹರಣೆ ನೋಡೋಣ, ಮನೆ ನಾನೇ ಕಲ್ಪನೆಯಲ್ಲಿ ಕಟ್ಟಿಕೊಂಡದ್ದು.

ವಿಜಯನಗರದಲ್ಲಿ ಮೊದಲ ಮಹಡಿಯ ಮನೆ, ಬಾಡಿಗೆ 18,000, ಅಡ್ವಾನ್ಸ್ ಒಂದೂವರೆ ಲಕ್ಷ. ಅಗ್ರಿಮೆಂಟ್ 2024ರ ಜೂನ್ 1ರಿಂದ 2025ರ ಏಪ್ರಿಲ್ 30ರವರೆಗೆ. ಮೇ ತಿಂಗಳಿಂದ ಹೊಸ ಅಗ್ರಿಮೆಂಟ್ ಇಲ್ಲ. ಬಾಡಿಗೆ ಹೋಗುತ್ತಿದೆ, ಓನರ್ ತೆಗೆದುಕೊಳ್ಳುತ್ತಿದ್ದಾರೆ. ನವೆಂಬರ್ 3ರ ತಾರೀಕು ಹಾಕಿ ಓನರ್ ವಕೀಲರಿಂದ ನೋಟಿಸ್ ಬರೆಸಿದರು: "15ನೇ ತಾರೀಕಿನೊಳಗೆ ಖಾಲಿ ಮಾಡಿ." ಸ್ಪೀಡ್ ಪೋಸ್ಟ್ ಬಾಡಿಗೆದಾರರ ಕೈ ಸೇರಿದ್ದು ನವೆಂಬರ್ 7, ಶುಕ್ರವಾರ.

ಲೆಕ್ಕ ಶುರುವಾಗೋದು ನೋಟಿಸ್ ಮೇಲಿನ ತಾರೀಕಿನಿಂದ ಅಲ್ಲ, ಕೈ ಸೇರಿದ ದಿನದಿಂದ. ಸೇರಿದ ದಿನವನ್ನು ಬಿಟ್ಟು ಎಣಿಸಿದರೆ 8ನೇ ತಾರೀಕು ಮೊದಲ ದಿನ, 22ನೇ ತಾರೀಕು ಹದಿನೈದನೆಯದು. ಅಂದರೆ ನೋಟಿಸ್‌ನಲ್ಲಿ ಬರೆದ "15ನೇ ತಾರೀಕು" ಕಡಿಮೆ ಬಿತ್ತು. ಹಾಗಂತ ನೋಟಿಸ್ ಕಸದ ಬುಟ್ಟಿಗೆ ಹೋಯಿತಾ? ಇಲ್ಲ. ದಿನ ಕಡಿಮೆ ಬಿದ್ದ ಒಂದೇ ಕಾರಣಕ್ಕೆ ನೋಟಿಸ್ ಬಿದ್ದುಹೋಗುವುದಿಲ್ಲ. ಪೂರ್ತಿ 15 ದಿನ ಕಳೆದ ಮೇಲೆ ದಾವೆ ಹಾಕಿದ್ದರೆ ಸಾಕು. 23 ಭಾನುವಾರ. ಓನರ್ ಡಿಸೆಂಬರ್ 1ಕ್ಕೆ ದಾವೆ ಹಾಕಿದರು ಅನ್ನಿ, ಈ ಲೆಕ್ಕದಲ್ಲಿ ಅವರಿಗೆ ತೊಂದರೆ ಇಲ್ಲ.

ಇನ್ನು ತಲೆಬರಹದ ಪ್ರಶ್ನೆ. 16ನೇ ದಿನ ಬೆಳಗ್ಗೆ ಏನೂ ಆಗುವುದಿಲ್ಲ. ಪೊಲೀಸ್ ಬರಲ್ಲ, ಬೀಗ ಬೀಳಲ್ಲ, ಬೀಳಲೂಬಾರದು. ಬಾಡಿಗೆ ಸಂಬಂಧ ಮುಗಿಯಿತು, ಓನರ್ ಕೋರ್ಟಿಗೆ ಹೋಗಬಹುದು, ಅಷ್ಟೇ. ಮನೆ ಬಿಡಿಸುವುದು ಕೋರ್ಟಿನ ಡಿಕ್ರಿ ಬಂದು, ಅದರ ಮೇಲೆ ಜಾರಿ ಅರ್ಜಿ ಹಾಕಿ, ಅಮೀನ ಬಾಗಿಲಿಗೆ ಬಂದ ಮೇಲೆ. ಆದರೆ ಬಾಡಿಗೆದಾರರು ಇದನ್ನು ಕೇಳಿ ಕಾಲು ಚಾಚಿ ಕೂರಬೇಡಿ. ನೋಟಿಸ್ ಅವಧಿ ಮುಗಿದ ಮೇಲೆ ಕೂತ ಪ್ರತಿ ತಿಂಗಳಿಗೂ ಕೋರ್ಟ್ ಹಳೇ 18,000 ಅಲ್ಲ, ಆ ಏರಿಯಾದ ಇವತ್ತಿನ ಬಾಡಿಗೆ ಲೆಕ್ಕದಲ್ಲಿ ದುಡ್ಡು ಕಟ್ಟಿಸಬಹುದು.

ಪ್ರಶ್ನೆ ಕೇಳಿ. ನಿಮ್ಮ ನೋಟಿಸಿನ ಫೋಟೋ ಮಾತ್ರ ಹಾಕಬೇಡಿ, ಅದರಲ್ಲಿ ಮನೆ ನಂಬರಿನಿಂದ ಹಿಡಿದು ಎಲ್ಲ ಇರುತ್ತದೆ. ಮೆಸೇಜ್ ಮಾಡಿ "ಕೇಸ್ ತಗೋತೀರಾ" ಅಂತಲೂ ಕೇಳಬೇಡಿ. ವಕೀಲರು ಹೀಗೆ ಕೆಲಸ ಹುಡುಕುವಂತಿಲ್ಲ.

---

ಮಹಡಿಮನೆ_ಮಾವ

ಮೇಡಂ, ನಾನು ಓನರ್. ನನಗೆ ಗೊತ್ತಿರೋ ಪ್ರಕಾರ ಹನ್ನೊಂದು ತಿಂಗಳು ಮುಗಿದರೆ ಮುಗೀತು. ನೋಟಿಸೇ ಬೇಕಿಲ್ಲ. ಅವಧಿ ಮುಗಿದ ಮೇಲೆ ಕೂತವನು ಅತಿಕ್ರಮಣ ಮಾಡಿದ ಹಾಗೆ. ಅದಕ್ಕೇ ಅಲ್ವಾ ಎಲ್ಲರೂ ಹನ್ನೊಂದು ತಿಂಗಳು ಅಂತ ಬರೆಸೋದು? ನನ್ನ ಗೆಳೆಯರೊಬ್ಬರು ಹೋದ ವರ್ಷ ಬಾಡಿಗೆದಾರ ಊರಿಗೆ ಹೋದಾಗ ಬೀಗ ಬದಲಾಯಿಸಿದರು. ಎರಡೇ ದಿನದಲ್ಲಿ ಸಾಮಾನು ತಗೊಂಡು ಹೋದ.

ಕಪ್ಪುಕೋಟು_ಬಸವನಗುಡಿ

ಸಾರ್, ನಿಮ್ಮ ಮೊದಲ ಮಾತು ಅರ್ಧ ಸರಿ. ಅವಧಿ ಗೊತ್ತಿರುವ ಕರಾರು ಆ ದಿನಕ್ಕೆ ತಾನಾಗಿಯೇ ಮುಗಿಯುತ್ತದೆ. ಅದಕ್ಕೆ 106ರ ನೋಟಿಸ್ ಬೇಕಿಲ್ಲ. ಏಪ್ರಿಲ್ 30ಕ್ಕೆ ಮುಗಿಯಿತು, ನೀವು ಮೇ ತಿಂಗಳ ಬಾಡಿಗೆ ಮುಟ್ಟಲಿಲ್ಲ, ಬಿಡಿ ಅಂತ ಹೇಳಿದ್ದೀರಿ ಅಂದರೆ ನೀವು ಹೇಳಿದ್ದೇ ಸರಿ.

ಆದರೆ ಮೇ ತಿಂಗಳ ಬಾಡಿಗೆ ತೆಗೆದುಕೊಂಡು ಜೂನ್, ಜುಲೈಯದ್ದೂ ತೆಗೆದುಕೊಂಡರೆ ಕಥೆ ಬೇರೆ. ಅವರು ನಿಮ್ಮ ಒಪ್ಪಿಗೆಯ ಮೇಲೆ ಮುಂದುವರಿದ ಬಾಡಿಗೆದಾರ ಆಗುತ್ತಾರೆ. ಇದಕ್ಕೆ 116ನೇ ಕಲಂ ಇದೆ. ಆಮೇಲೆ ಬಿಡಿಸಬೇಕಾದರೆ ಮತ್ತೆ ನೋಟಿಸ್ ಬೇಕೇ ಬೇಕು.

ಹನ್ನೊಂದು ತಿಂಗಳು ಬರೆಸುವುದಕ್ಕೂ ಬಿಡಿಸುವುದಕ್ಕೂ ಸಂಬಂಧ ಇಲ್ಲ. ಒಂದು ವರ್ಷ ದಾಟಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು.

ಬೀಗದ ವಿಷಯ. ನಿಮ್ಮ ಗೆಳೆಯರ ಅದೃಷ್ಟ ಚೆನ್ನಾಗಿತ್ತು. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹಾಕಿ ಮನೆಯ ಸ್ವಾಧೀನ ವಾಪಸ್ ಪಡೆಯಬಹುದು. ಆ ದಾವೆಯಲ್ಲಿ "ನಾನು ಓನರ್" ಅನ್ನುವ ವಾದ ನಡೆಯುವುದಿಲ್ಲ. ಯಾರು ಇದ್ದರು, ಯಾರು ಹೊರಗೆ ಹಾಕಿದರು ಅನ್ನೋದಷ್ಟೇ ಪ್ರಶ್ನೆ.

ಮಹಡಿಮನೆ_ಮಾವ

ಬಾಡಿಗೆ ನಾನು ಕೇಳಲಿಲ್ಲ ಮೇಡಂ. ಅವನೇ ಫೋನಲ್ಲಿ ಕಳಿಸ್ತಾನೆ, ಟಣ್ ಅಂತ ಬಂದು ಬೀಳುತ್ತೆ. ಬೇಡ ಅನ್ನೋದು ಹೇಗೆ?

ಕಪ್ಪುಕೋಟು_ಬಸವನಗುಡಿ

ಒಳ್ಳೆ ಪ್ರಶ್ನೆ. ಮೊದಲು ಬಾಡಿಗೆ ಬೇಡ ಅಂದರೆ ಓನರ್ ಕೈ ಚಾಚುತ್ತಿರಲಿಲ್ಲ, ಮನಿ ಆರ್ಡರ್ ವಾಪಸ್ ಕಳಿಸುತ್ತಿದ್ದರು. ಯುಪಿಐಗೆ ಆ ಸೌಕರ್ಯ ಇಲ್ಲ. ನೋಟಿಸ್ ಕೊಟ್ಟ ಮೇಲೂ ಬಾಡಿಗೆ ತೆಗೆದುಕೊಂಡರೆ ನೋಟಿಸ್ ಬಿಟ್ಟುಕೊಟ್ಟ ಹಾಗೆ ಅಂತ ಬಾಡಿಗೆದಾರರ ಕಡೆಯವರು ವಾದಿಸುತ್ತಾರೆ. 113ನೇ ಕಲಮಿನಲ್ಲಿ ಅದಕ್ಕೆ ಆಧಾರವೂ ಇದೆ. ಆದರೆ ಸುಮ್ನೆ ದುಡ್ಡು ಬಂದಿತು ಅನ್ನುವುದರಿಂದಲೇ ನೋಟಿಸ್ ಬಿದ್ದುಹೋಗುವುದಿಲ್ಲ, ಬಿಟ್ಟುಕೊಡುವ ಮನಸ್ಸಿತ್ತು ಅಂತ ತೋರಿಸಬೇಕು ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸಾಮಾನ್ಯವಾಗಿ ಓನರ್‌ಗಳು ನೋಟಿಸಿನಲ್ಲೇ ಒಂದು ಸಾಲು ಹಾಕಿಸುತ್ತಾರೆ: ಇನ್ನು ಮುಂದೆ ಬರುವ ದುಡ್ಡನ್ನು ಬಾಡಿಗೆ ಅಂತಲ್ಲ, ಮನೆ ಬಳಸಿದ್ದಕ್ಕೆ ಪರಿಹಾರ ಅಂತ ಮಾತ್ರ ಇಟ್ಟುಕೊಳ್ಳುತ್ತೇವೆ ಅಂತ. ನೋಟಿಸ್ ಕೊಟ್ಟ ಮೇಲೆ "ಈ ತಿಂಗಳಿಂದ ಸಾವಿರ ಜಾಸ್ತಿ ಕೊಡಿ" ಅಂತ ಮೆಸೇಜ್ ಮಾಡಿದರೆ ಮಾತ್ರ ಅದು ಬಾಡಿಗೆದಾರರ ವಕೀಲರಿಗೆ ಹಬ್ಬ.

---

ನಿವೃತ್ತ_ಶಿರಸ್ತೇದಾರ

ದಿನ ಕಡಿಮೆ ಬಿದ್ದರೂ ನೋಟಿಸ್ ಉಳಿಯುತ್ತೆ ಅಂತ ಮೇಡಂ ಒಂದೇ ಸಾಲಲ್ಲಿ ಹೇಳಿ ಮುಗಿಸಿದರು. ಆ ಸಾಲಿನ ಹಿಂದೆ ಎಷ್ಟು ಜನರ ಕಣ್ಣೀರಿದೆ ಅಂತ ನಮ್ಮಂಥವರಿಗೆ ಗೊತ್ತು. ನಾನು ಕೋರ್ಟಿನಲ್ಲಿ ಕೆಲಸ ಮಾಡಿದವನು.

2002ರ ಕೊನೆಗೆ ತಿದ್ದುಪಡಿ ಬರುವ ಮುಂಚೆ ನೋಟಿಸಿಗೆ 15 ದಿನ ಇದ್ದರೆ ಸಾಲದು. ಬಾಡಿಗೆ ತಿಂಗಳು ಮುಗಿಯುವ ದಿನಕ್ಕೇ ಸರಿಯಾಗಿ ನೋಟಿಸೂ ಮುಗಿಯಬೇಕಿತ್ತು. ಮನೆಗೆ ಬಂದದ್ದು 5ನೇ ತಾರೀಕು ಅನ್ನಿ. ಬಾಡಿಗೆ ತಿಂಗಳು 5ರಿಂದ 4ರವರೆಗೆ. ಓನರ್ ರೂಢಿಯಂತೆ "31ಕ್ಕೆ ಖಾಲಿ ಮಾಡಿ" ಅಂತ ಬರೆದರೆ ನೋಟಿಸ್ ಕೆಟ್ಟಿತು. ಕೇಸು ಐದಾರು ವರ್ಷ ನಡೆದು, ಸಾಕ್ಷಿ ಎಲ್ಲ ಆಗಿ, ಕೊನೆಗೆ ತಾರೀಕು ಸರಿ ಇಲ್ಲ ಅಂತ ವಜಾ. ಮತ್ತೆ ಹೊಸ ನೋಟಿಸ್, ಹೊಸ ದಾವೆ, ಹೊಸ ಕೋರ್ಟ್ ಫೀ. ನನ್ನ ಮೇಜಿನ ಮೇಲಿಂದಲೇ ಅಂಥ ಕಡತ ಹೋಗಿವೆ. ಒಬ್ಬ ಮುದುಕಿ ಓನರ್ "ಸ್ವಾಮಿ, ಮನೆ ನಂದು ಅಂತ ಅವರೂ ಒಪ್ಪಿದ್ದಾರೆ, ಬಾಡಿಗೆ ಕೊಟ್ಟಿಲ್ಲ ಅಂತಾನೂ ಒಪ್ಪಿದ್ದಾರೆ, ಮತ್ತೆ ನಾನು ಸೋತಿದ್ದು ಹೇಗೆ?" ಅಂತ ಕೌಂಟರಿಗೆ ಬಂದು ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗಲೂ ಹಳೇ ಪುಸ್ತಕ ಓದಿದ ಕೆಲವರು ಆ ತಕರಾರು ಎತ್ತುತ್ತಾರೆ. ನಡೆಯಲ್ಲ.

ಕಪ್ಪುಕೋಟು_ಬಸವನಗುಡಿ

ಸಾರ್, ಧನ್ಯವಾದ. ಒಂದು ಮಾತು ಸೇರಿಸುತ್ತೇನೆ. ದಿನದ ಲೆಕ್ಕ ಸಡಿಲ ಆಯಿತೇ ಹೊರತು ನೋಟಿಸ್ ತಲುಪಿಸುವ ರೀತಿ ಸಡಿಲ ಆಗಿಲ್ಲ. ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬೇಕು ಇಲ್ಲವೇ ಕೈಗೆ ಕೊಡಬೇಕು. ಅವರು ಸಿಗದಿದ್ದರೆ ಮನೆಯವರಿಗೋ ಕೆಲಸದವರಿಗೋ ಕೊಡಬಹುದು. ಯಾವುದೂ ಆಗದಿದ್ದರೆ ಮಾತ್ರ ಬಾಗಿಲಿಗೆ ಅಂಟಿಸುವುದು.

---

ಹುಬ್ಬಳ್ಳಿ_ಹುಡುಗ

ಈಗ ಯಾರ್ರೀ ಅಂಚೆಯಲ್ಲಿ ಕಳಿಸ್ತಾರೆ? ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಎರಡು ನೀಲಿ ಗೆರೆ ಬರುತ್ತೆ, ಓದಿದ್ದಕ್ಕೆ ಅದೇ ಸಾಕ್ಷಿ. ಕೋರ್ಟೇ ವಾಟ್ಸಾಪ್‌ನಲ್ಲಿ ಸಮನ್ಸ್ ಕಳಿಸಿದ ಸುದ್ದಿ ಪೇಪರ್‌ನಲ್ಲಿ ಬಂದಿತ್ತು.

ಕಪ್ಪುಕೋಟು_ಬಸವನಗುಡಿ

ಕೋರ್ಟ್ ಸಮನ್ಸ್ ಕಳಿಸುವುದಕ್ಕೆ ಬೇರೆ ನಿಯಮ, ತಮ್ಮ. 106 ಹೇಳುವುದು ಅಂಚೆ ಮತ್ತು ಕೈ. ವಾಟ್ಸಾಪ್ ಸಾಕು ಅಂತ ವಾದ ಮಾಡಬಹುದು, ಮಾಡಿದವರೂ ಇದ್ದಾರೆ. ಆದರೆ ಆ ವಾದವನ್ನು ನಿಮ್ಮ ಕೇಸಿನ ಮೇಲೆಯೇ ಪರೀಕ್ಷೆ ಮಾಡಬೇಕಾ? ಸ್ಪೀಡ್ ಪೋಸ್ಟಿಗೆ ಆಗುವ ಖರ್ಚು ಒಂದು ಮಸಾಲೆ ದೋಸೆಯ ಆಸುಪಾಸು. ಅದನ್ನು ಕಳಿಸಿ, ಅದರ ರಸೀದಿಯ ಫೋಟೋ ತೆಗೆದು ವಾಟ್ಸಾಪ್‌ನಲ್ಲೂ ಹಾಕಿ. ಎರಡೂ ಇದ್ದರೆ ಯಾರೂ "ಬಂದೇ ಇಲ್ಲ" ಅನ್ನೋಕಾಗಲ್ಲ.

ನಿವೃತ್ತ_ಶಿರಸ್ತೇದಾರ

ಹಳೇ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ಕೌಂಟರ್‌ನಲ್ಲಿ ಸ್ಪೀಡ್ ಪೋಸ್ಟಿಗೇ "ರಿಜಿಸ್ಟ್ರೇಶನ್ ಹಾಕಿ, ತಲುಪಿದ್ದಕ್ಕೆ ರುಜುವಾತು ಬೇಕು" ಅಂತ ಕೇಳಿ ತಗೊಳ್ಳಿ. ಟ್ರ್ಯಾಕಿಂಗ್ ಪುಟವನ್ನು ಅವತ್ತೇ ಪ್ರಿಂಟ್ ತೆಗೆದಿಡಿ, ಆಮೇಲೆ ಅದು ಸಿಗಲ್ಲ.

---

ಲೀಸ್_ಮನೆ_ಲಕ್ಷ್ಮಿ

ಅಕ್ಕ, ನಮ್ಮದು ಲೀಸ್ ಮನೆ. ಹತ್ತು ಲಕ್ಷ ಕೊಟ್ಟಿದ್ದೇವೆ, ಮೂರು ವರ್ಷಕ್ಕೆ. ಓನರ್ ಈಗ 15 ದಿನದಲ್ಲಿ ಬಿಡಿ ಅಂತ ಹೇಳಿ ನಮ್ಮ ದುಡ್ಡು ಕೊಡದೆ ಇರಬಹುದಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಕಪ್ಪುಕೋಟು_ಬಸವನಗುಡಿ

ಅಮ್ಮಾ, ನಿಮ್ಮದು ಬೇರೆಯೇ ವಿಷಯ. ನಾವಿಲ್ಲಿ ಮಾತಾಡುತ್ತಿರುವುದು ತಿಂಗಳ ಬಾಡಿಗೆ ಮನೆ. ದುಡ್ಡು ಕೊಟ್ಟು ಬಾಡಿಗೆಯಿಲ್ಲದೆ ಇರುವುದನ್ನು ಹಿಂದೆ ಭೋಗ್ಯ ಅನ್ನುತ್ತಿದ್ದರು, ಅದರಲ್ಲಿ ನೋಟಿಸ್ ಎಷ್ಟು ದಿನ ಅನ್ನೋದಕ್ಕಿಂತ ದುಡ್ಡು ಹೇಗೆ ವಾಪಸ್ ಅನ್ನೋದೇ ದೊಡ್ಡದು. ನಿಮ್ಮ ಪತ್ರ ನೋಂದಣಿ ಆಗಿದೆಯಾ, ದುಡ್ಡು ಬ್ಯಾಂಕಿನಿಂದ ಹೋಗಿದೆಯಾ, ಮನೆ ಮೇಲೆ ಬ್ಯಾಂಕಿನ ಸಾಲ ಇದೆಯಾ, ಈ ಮೂರನ್ನು ನೋಡದೆ ಯಾರೂ ಏನೂ ಹೇಳಬಾರದು. ನಾನೂ ಹೇಳಲ್ಲ. ನಾಳೆಯೇ ಒಬ್ಬ ವಕೀಲರನ್ನು ಮುಖತಃ ನೋಡಿ. ಫೀಸಿಗೆ ತೊಂದರೆ ಇದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ, ಆದಾಯ ಎಷ್ಟಿದ್ದರೂ.

ಲೀಸ್_ಮನೆ_ಲಕ್ಷ್ಮಿ

ಆಯ್ತು ಅಕ್ಕ. ಪತ್ರ ಬರೀ ಸ್ಟ್ಯಾಂಪ್ ಪೇಪರ್ ಮೇಲಿದೆ. ನಾಳೆ ಹೋಗ್ತೀನಿ.

---

ಕೋರಮಂಗಲ_ಕೋಡರ್

ಇಷ್ಟೆಲ್ಲ ಯಾಕೆ, 2021ರ ಹೊಸ ಬಾಡಿಗೆ ಕಾಯ್ದೆ ಬಂತಲ್ಲ? ಅದರ ಪ್ರಕಾರ ಅಡ್ವಾನ್ಸ್ ಎರಡು ತಿಂಗಳಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ನಾನು ನಮ್ಮ ಓನರ್‌ಗೆ ಅದರ ಪಿಡಿಎಫ್ ಕಳಿಸಿದೆ.

ಮಹಡಿಮನೆ_ಮಾವ

ನನಗೂ ಒಬ್ಬ ಕಳಿಸಿದ್ದ. ಹಾಗಾದರೆ ಬೇರೆ ಮನೆ ನೋಡಿಕೊಳ್ಳಪ್ಪಾ ಅಂದೆ.

ಕಪ್ಪುಕೋಟು_ಬಸವನಗುಡಿ

ಅದು ಮಾದರಿ ಕಾಯ್ದೆ. ಕೇಂದ್ರ ಬರೆದುಕೊಟ್ಟ ನಮೂನೆ. ರಾಜ್ಯದ ವಿಧಾನಮಂಡಲ ತನ್ನದೇ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅಲ್ಲಿ ನಡೆಯುತ್ತದೆ. ಸುಮ್ನೆ ಪಿಡಿಎಫ್ ಕಳಿಸಿದರೆ ಓನರ್ ಹೆದರಲ್ಲ, ಹೆದರಬೇಕಾಗಿಯೂ ಇಲ್ಲ.

---

ಪೇಟೆಬೀದಿ_ಅಂಗಡಿ

ದಾವಣಗೆರೆಯಲ್ಲಿ ನಮ್ಮದು ಚಿಕ್ಕ ಬೇಕರಿ. ಹಿಂದೆಯೇ ಓವನ್ ಇದೆ, ಬ್ರೆಡ್, ಬನ್ನು, ಖಾರ ಎಲ್ಲ ಅಲ್ಲೇ ಮಾಡ್ತೀವಿ. ಐದು ವರ್ಷಕ್ಕೆ ಅಗ್ರಿಮೆಂಟ್, ಸ್ಟ್ಯಾಂಪ್ ಪೇಪರ್ ಮೇಲೆ, ಇಬ್ಬರ ಸಹಿ, ಇಬ್ಬರು ಸಾಕ್ಷಿ, ನೋಟರಿ ಮುದ್ರೆಯೂ ಇದೆ. ಎರಡೇ ವರ್ಷ ಆಗಿದೆ. ಒಳಗೆ ನಾಲ್ಕು ಲಕ್ಷ ಖರ್ಚು ಮಾಡಿದ್ದೇನೆ. ಈಗ ಓನರ್ ಮಗ ಬಂದು ಬಿಡಿ ಅಂತಾನೆ. ಐದು ವರ್ಷ ಕೂರೋ ಹಕ್ಕು ನನಗಿದೆ ಅಲ್ವಾ?

ಹುಬ್ಬಳ್ಳಿ_ಹುಡುಗ

ನೋಟರಿ ಆಗಿದೆ ಅಂದ್ಮೇಲೆ ಮುಗೀತಲ್ರೀ ಅಣ್ಣಾ, ಅಲ್ಲಾಡ್ಸೋಕಾಗಲ್ಲ.

ನಿವೃತ್ತ_ಶಿರಸ್ತೇದಾರ

ನೋಟರಿ ಬೇರೆ, ನೋಂದಣಿ ಬೇರೆ. ಎರಡೂ "ನೋ" ಅಂತ ಶುರುವಾಗೋದು ಬಿಟ್ಟರೆ ಬೇರೆ ಹೋಲಿಕೆ ಇಲ್ಲ.

ಕಪ್ಪುಕೋಟು_ಬಸವನಗುಡಿ

ಅಂಗಡಿಯವರೇ, ನಿಮ್ಮ ಪತ್ರ ನೋಡದೆ ನಿಮ್ಮ ಹಕ್ಕು ಇಷ್ಟು ಅಂತ ಹೇಳಲಾರೆ. ಸಾಮಾನ್ಯವಾಗಿ ಇಂಥ ಪತ್ರಕ್ಕೆ ಏನಾಗುತ್ತದೆ ಅಂತ ಮಾತ್ರ ಹೇಳುತ್ತೇನೆ, ಕೇಳಲು ಹಿತವಾಗಿಲ್ಲ.

ಒಂದು ವರ್ಷ ದಾಟಿದ ಕರಾರು ನೋಂದಣಿ ಆಗದಿದ್ದರೆ "ಐದು ವರ್ಷ" ಅನ್ನುವ ಮಾತಿಗೆ ಬಲ ಇರುವುದಿಲ್ಲ. ಹಾಗಂತ ನೀವು ಬಾಡಿಗೆದಾರರೇ ಅಲ್ಲ ಅಂತಲೂ ಅಲ್ಲ. ಅಂಗಡಿ ನಿಮ್ಮ ಕೈಲಿದೆ, ಬಾಡಿಗೆ ತೆಗೆದುಕೊಂಡಿದ್ದಾರೆ, ಅಷ್ಟಕ್ಕೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಅಂತ ಕೋರ್ಟ್ ಒಪ್ಪುತ್ತದೆ. ಅದನ್ನು 15 ದಿನದ ನೋಟಿಸಿನಲ್ಲಿ ಮುಗಿಸಬಹುದು. 2016ರಲ್ಲಿ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಜಾಗವೊಂದರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿದೆ.

ನಿಮ್ಮ ಓವನ್ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. ತಯಾರಿಕೆಗೆ ಅಂತ ಕೊಟ್ಟ ಜಾಗವಾದರೆ 106ರಲ್ಲಿ ನೋಟಿಸ್ 15 ದಿನ ಅಲ್ಲ, ಆರು ತಿಂಗಳು. ಮಾರುವ ಅಂಗಡಿಯಾ, ತಯಾರಿಸುವ ಜಾಗವಾ? ಜಾಗ ಕೊಟ್ಟಾಗ ಮುಖ್ಯ ಉದ್ದೇಶ ಯಾವುದಿತ್ತು ಅಂತ ಕೋರ್ಟ್ ನೋಡುತ್ತದೆ. ಅದರ ಮೇಲೆ ಇನ್ನೊಂದು ತೊಡಕಿದೆ. ಆ ಆರು ತಿಂಗಳ ನೋಟಿಸ್ ಇರುವುದು ವರ್ಷದಿಂದ ವರ್ಷಕ್ಕೆ ನಡೆಯುವ ಬಾಡಿಗೆಗೆ, ಅಂಥ ಬಾಡಿಗೆಗೆ ನೋಂದಣಿ ಕಡ್ಡಾಯ. ನೋಂದಣಿಯೇ ಇಲ್ಲದವರಿಗೆ ಆ ಆರು ತಿಂಗಳು ಸಿಗುತ್ತದಾ ಅನ್ನೋದು ಪೂರಾ ಜಗಳದ ವಿಷಯ. ಇದನ್ನು ಇಲ್ಲಿ ಬಗೆಹರಿಸಲು ಆಗಲ್ಲ. ಜಿಎಸ್‌ಟಿ, ಆಹಾರ ಪರವಾನಗಿ, ಕರೆಂಟ್ ಬಿಲ್ ಯಾವ ದರದಲ್ಲಿ ಬರುತ್ತಿದೆ ಅನ್ನುವ ಕಾಗದ, ಎಲ್ಲವನ್ನೂ ಅಗ್ರಿಮೆಂಟ್ ಜೊತೆ ಒಂದು ಕವರ್‌ಗೆ ಹಾಕಿಕೊಂಡು ಅಲ್ಲಿನ ವಕೀಲರ ಹತ್ತಿರ ಹೋಗಿ.

ಪೇಟೆಬೀದಿ_ಅಂಗಡಿ

ಕರೆಂಟ್ ಬಿಲ್ ಅಂಗಡಿ ಲೆಕ್ಕದಲ್ಲೇ ಬರ್ತಿದೆ ಮೇಡಂ. ನಾಲ್ಕು ಲಕ್ಷ ಹಾಕುವ ಮುಂಚೆ ಯಾರಾದ್ರೂ ಇದನ್ನ ಹೇಳಿದ್ರೆ ಚೆನ್ನಾಗಿತ್ತು.

---

ಬಾಡಿಗೆ_ಬದುಕು

ನನ್ನದು ಉಲ್ಟಾ ಕಥೆ. ನಾನೇ ಮನೆ ಬಿಡುತ್ತಿರುವವನು. ಬಾಡಿಗೆ 16,000, ಅಡ್ವಾನ್ಸ್ ಒಂದು ಲಕ್ಷ. ಅಗ್ರಿಮೆಂಟ್ ಮುಗಿದು ಎಂಟು ತಿಂಗಳಾಯಿತು. ಅದರಲ್ಲಿ ಎರಡು ತಿಂಗಳ ನೋಟಿಸ್ ಅಂತ ಇತ್ತು. ನಾನು ಒಂದು ತಿಂಗಳ ಮುಂಚೆ ಹೇಳಿದೆ. ಓನರ್ ಆಂಟಿ ಇನ್ನೊಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೇನೆ, ಪೇಂಟಿಂಗ್‌ಗೆ ಅಂತ ಮತ್ತೊಂದು ತಿಂಗಳು ಹಿಡಿಯುತ್ತೇನೆ ಅಂತಾರೆ. ಅಗ್ರಿಮೆಂಟೇ ಮುಗಿದಿದೆ, ಅದರೊಳಗಿನ ಎರಡು ತಿಂಗಳ ಮಾತು ಮಾತ್ರ ಹೇಗೆ ಉಳಿಯುತ್ತೆ?

ಮಹಡಿಮನೆ_ಮಾವ

ಅದ್ಹೇಗಪ್ಪಾ? ಅದೇ ಅಗ್ರಿಮೆಂಟಿನ ಬಾಡಿಗೆಗೆ ಎಂಟು ತಿಂಗಳು ಇದ್ದೆಯಲ್ಲ. ಬಾಡಿಗೆ ಹಳೇದು ಬೇಕು, ನೋಟಿಸ್ ಮಾತ್ರ ಹೊಸದು ಬೇಕಾ? ನಾವು ಎರಡು ತಿಂಗಳು ಕೇಳೋದು ಬೇರೆಯವರನ್ನ ಹುಡುಕೋಕೆ. ಆಷಾಢದಲ್ಲಿ ಖಾಲಿ ಮಾಡಿದರೆ ಮನೆ ನೋಡೋಕೂ ಯಾರೂ ಬರಲ್ಲ.

ಕಪ್ಪುಕೋಟು_ಬಸವನಗುಡಿ

ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ಹತ್ತಿರ ಬಂದ ನಾಲ್ವರಲ್ಲಿ ಇಬ್ಬರ ಜಗಳ ಇದೇ.

116ನೇ ಕಲಂ ಹೇಳುವುದು, ಬೇರೆ ಒಪ್ಪಂದ ಇಲ್ಲದಿದ್ದರೆ ಮುಂದುವರಿದ ಬಾಡಿಗೆ ತಿಂಗಳಿಂದ ತಿಂಗಳಿಗೆ ಅಂತ. ಅದನ್ನು ಹಿಡಿದರೆ 15 ದಿನ. ಇನ್ನೊಂದು ಕಡೆ, ಅವಧಿ ಮುಗಿದ ಮೇಲೂ ಹಳೇ ಕರಾರಿನ ಷರತ್ತುಗಳು ಹೊಂದುವಷ್ಟು ಮಟ್ಟಿಗೆ ಮುಂದುವರಿಯುತ್ತವೆ ಅನ್ನುವ ಮಾತೂ ಗಟ್ಟಿಯಾಗಿದೆ. ಬಾಡಿಗೆ ಎಷ್ಟು, ನೀರಿನ ಬಿಲ್ ಯಾರು ಕಟ್ಟಬೇಕು ಅನ್ನೋದೆಲ್ಲ ಹಾಗೆಯೇ ತಾನೇ ನಡೆಯುವುದು? ಎರಡು ತಿಂಗಳ ಷರತ್ತು ಈ ಕಡೆಗೆ ಸೇರುತ್ತದಾ ಆ ಕಡೆಗಾ ಅನ್ನೋದು ಅದನ್ನು ಬರೆದ ರೀತಿಯ ಮೇಲೆ ನಿಂತಿದೆ. "ಈ ಹನ್ನೊಂದು ತಿಂಗಳ ಅವಧಿಯಲ್ಲಿ" ಅಂತ ಇದೆಯಾ, "ಬಾಡಿಗೆದಾರರು ಮನೆಯಲ್ಲಿ ಇರುವವರೆಗೆ" ಅಂತ ಇದೆಯಾ ನೋಡಬೇಕು. ನನ್ನ ಒಲವು ಹೇಳುವುದಾದರೆ, ಮೊದಲನೆಯ ಥರ ಬರೆದಿದ್ದರೆ ಬಾಡಿಗೆದಾರರ ಪರ, ಎರಡನೆಯ ಥರ ಇದ್ದರೆ ಓನರ್ ಪರ. ಎಲ್ಲ ಜಡ್ಜ್‌ಗಳೂ ಇದನ್ನೇ ಒಪ್ಪುತ್ತಾರೆ ಅಂತಿಲ್ಲ.

ಪೇಂಟಿಂಗ್ ದುಡ್ಡು ಕರಾರಿನ ಮಾತು. ಬರೆದಿದ್ದರೆ ಉಂಟು, ಬರೆಯದಿದ್ದರೆ ಚೌಕಾಸಿ.

ಬಾಡಿಗೆ_ಬದುಕು

ಈಗ ತೆಗೆದು ನೋಡಿದೆ. "ಉಭಯ ಪಕ್ಷಗಾರರೂ ಎರಡು ತಿಂಗಳ ಮುಂಚಿತವಾಗಿ ತಿಳಿಸತಕ್ಕದ್ದು" ಅಂತ ಅಷ್ಟೇ ಇದೆ. ಯಾವ ಅವಧಿ ಅಂತ ಇಲ್ಲ.

ಕಪ್ಪುಕೋಟು_ಬಸವನಗುಡಿ

ಎಲ್ಲ ಜೆರಾಕ್ಸ್ ಅಂಗಡಿಯ ಅಗ್ರಿಮೆಂಟಿನಲ್ಲೂ ಅದೇ ಸಾಲು! ಇನ್ನು ನಾನು ಮುಂದೆ ಹೋದರೆ ನಿಮ್ಮ ಕೇಸಿಗೆ ಸಲಹೆ ಕೊಟ್ಟ ಹಾಗಾಗುತ್ತದೆ. ಇಲ್ಲಿಗೆ ನಿಲ್ಲಿಸುತ್ತೇನೆ. ಒಂದು ಮಾತ್ರ ಕೇಳುತ್ತೇನೆ. ಒಂದು ತಿಂಗಳ ಮುಂಚೆ "ಹೇಳಿದೆ" ಅಂದಿರಲ್ಲ, ಬಾಯಲ್ಲಾ, ಬರವಣಿಗೆಯಲ್ಲಾ?

ಬಾಡಿಗೆ_ಬದುಕು

ಮೆಟ್ಟಿಲ ಹತ್ತಿರ ಸಿಕ್ಕಾಗ ಹೇಳಿದೆ. ಆಂಟಿ ಸೊಪ್ಪು ತಗೊಳ್ತಿದ್ರು. "ಸರಿಯಪ್ಪ" ಅಂದ್ರು.

ನಿವೃತ್ತ_ಶಿರಸ್ತೇದಾರ

ಸೊಪ್ಪಿನವಳನ್ನು ಸಾಕ್ಷಿಗೆ ಕರೆಸಬೇಕಾಗುತ್ತೆ.

ಬಾಡಿಗೆ_ಬದುಕು

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಇಲ್ಲೇ ನಮ್ಮ ಏರಿಯಾದ ವಕೀಲರೊಬ್ಬರನ್ನು ನೋಡಿದೆ, ಅಗ್ರಿಮೆಂಟ್ ತೋರಿಸಿದೆ. ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದಾಯಿತು. ತಮಾಷೆ ಏನಂದರೆ ಆಂಟಿ ಕೆಳಗಿನ ಮನೆಯಲ್ಲೇ ಇರೋದು, ನಾನು ಮೇಲೆ. ಪತ್ರ ನಮ್ಮ ಬೀದಿಯಿಂದ ಹೊರಟು ಎಲ್ಲೆಲ್ಲೋ ಸುತ್ತಿ ಬುಧವಾರ ನಮ್ಮ ಗೇಟಿಗೇ ಬಂತು. ಪೋಸ್ಟ್‌ಮ್ಯಾನ್ ಬೆಲ್ ಮಾಡಿದಾಗ ಆಂಟಿ ಮನೆಯಲ್ಲಿರಲಿಲ್ಲ. ನನ್ನನ್ನೇ ಕೂಗಿ "ಸಾರ್, ಕೆಳಗಿನ ಮನೆಯವರದ್ದು, ನೀವು ತಗೋತೀರಾ?" ಅಂತ ಕೇಳಿದರು.

ಕಪ್ಪುಕೋಟು_ಬಸವನಗುಡಿ

ತಗೊಂಡಿಲ್ಲ ತಾನೇ?

ಬಾಡಿಗೆ_ಬದುಕು

ಇಲ್ಲ ಮೇಡಂ. ಸಾಯಂಕಾಲ ಬನ್ನಿ, ಅವರೇ ಇರ್ತಾರೆ ಅಂದೆ. ಚೀಟಿ ಬಿಟ್ಟು ಹೋದರು. ಮರುದಿನ ಆಂಟಿಯೇ ಸಹಿ ಹಾಕಿ ತಗೊಂಡರು. ಗುರುವಾರದಿಂದ ಎಣಿಸುತ್ತಿದ್ದೇನೆ.

ನಿವೃತ್ತ_ಶಿರಸ್ತೇದಾರ

ಶುಕ್ರವಾರದಿಂದ.